ಸಣ್ಣ ಅಕೌಂಟ್‌ನಲ್ಲಿ ಕ್ರೆಡಿಟ್ ಸ್ಪ್ರೆಡ್: ಎಷ್ಟು ಲಾಟ್ ಮಾರಬೇಕು, ಎಲ್ಲಿ ನಿಲ್ಲಿಸಬೇಕು

"ಸ್ಪ್ರೆಡ್‌ನಲ್ಲಿ ನಷ್ಟಕ್ಕೆ ಮಿತಿ ಇದೆ ಅಂತೀರಿ, ಆದರೂ ಮೂರೇ ತಿಂಗಳಲ್ಲಿ ನನ್ನ ಅಕೌಂಟ್ ಅರ್ಧ ಆಯ್ತಲ್ಲ?" ಈ ಪ್ರಶ್ನೆಯನ್ನು ನನಗೆ ಕೇಳದ ವಾರವೇ ಇಲ್ಲ. ಅವರ ಟ್ರೇಡ್ ಪಟ್ಟಿ ತರಿಸಿ ನೋಡಿದರೆ ಹೆಚ್ಚಿನ ಸಲ ಸ್ಟ್ರೈಕ್ ಆಯ್ಕೆಯಲ್ಲಿ ಅಂಥ ತಪ್ಪೇನೂ ಇರುವುದಿಲ್ಲ. ತಪ್ಪಿರುವುದು ಲಾಟ್ ಲೆಕ್ಕದಲ್ಲಿ. ಮಾರ್ಜಿನ್ ಎಷ್ಟು ಬಿಡುತ್ತದೋ ಅಷ್ಟು ಲಾಟ್ ಮಾರಿರುತ್ತಾರೆ.

ಇಲ್ಲಿ ಉದಾಹರಣೆಗೆ ನಿಫ್ಟಿಯ ವಾರದ ಆಪ್ಷನ್ ತೆಗೆದುಕೊಂಡಿದ್ದೇನೆ. ಲಾಟ್ 65 ಎಂದು ಹಿಡಿದಿದ್ದೇನೆ. ಈ ಸಂಖ್ಯೆ ಬದಲಾಗುತ್ತಲೇ ಇರುತ್ತದೆ. 2024ರ ನವೆಂಬರ್‌ಗೆ ಮೊದಲು 25 ಇತ್ತು, ಆಮೇಲೆ 75 ಆಯಿತು. ಹಾಗಾಗಿ ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಏನಿದೆಯೋ ಅದನ್ನು ನೋಡಿಯೇ ಲೆಕ್ಕಕ್ಕೆ ಕೂರಿ. ಶೇರುಗಳ ಆಪ್ಷನ್ ಇಲ್ಲಿ ಬೇಡ. ಅವು ಎಕ್ಸ್‌ಪೈರಿಯಲ್ಲಿ ಶೇರು ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಾಗುತ್ತವೆ. ಎರಡು ಲಕ್ಷದ ಅಕೌಂಟ್ ಅದನ್ನು ತಾಳುವುದಿಲ್ಲ.

## ಮೊದಲು ಕೈಗೆ ಬೇಕಾದದ್ದು

ಮೂರೇ ಮೂರು. ಒಂದು, ಆಪ್ಷನ್ ಚೈನ್. ಎರಡು, ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿರುವ ಬಾಸ್ಕೆಟ್ ಆರ್ಡರ್. ಆರ್ಡರ್ ಹಾಕುವ ಮೊದಲೇ ಎರಡೂ ಲೆಗ್ ಸೇರಿ ಎಷ್ಟು ಮಾರ್ಜಿನ್ ಬೇಕು ಎಂದು ಅದು ತೋರಿಸುತ್ತದೆ. ಮೂರು, ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್. ನೋಟ್‌ಬುಕ್ ಆದರೂ ನಡೆಯುತ್ತದೆ. ಆದರೆ ಮಾರ್ಕೆಟ್ ಓಡುವಾಗ ತಲೆಯಲ್ಲೇ ಲೆಕ್ಕ ಮಾಡುತ್ತೇನೆ ಅನ್ನಬೇಡಿ. ಆಗ ತಲೆ ನಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

## ಹಂತ 1: ಬಂಡವಾಳ ಎಂದರೆ ಯಾವುದು ಎಂದು ಬರೆದಿಡಿ

ಸೋತರೂ ಮನೆ ಖರ್ಚಿಗೆ ಕೈ ಹಾಕಬೇಕಾಗಿ ಬರದ, ಟ್ರೇಡಿಂಗ್‌ಗೆಂದೇ ಇಟ್ಟ ಹಣ. ಅಷ್ಟೇ ಬಂಡವಾಳ. ಶೇರು ಪ್ಲೆಡ್ಜ್ ಮಾಡಿ ಸಿಕ್ಕ ಮಾರ್ಜಿನ್ ಇದಕ್ಕೆ ಸೇರುವುದಿಲ್ಲ. ಮುಂದಿನ ತಿಂಗಳು ಹಾಕುತ್ತೇನೆ ಎಂದುಕೊಂಡ ಹಣವೂ ಇಲ್ಲ.

ಈ ಸಂಖ್ಯೆಯನ್ನು ಪ್ರತಿ ಶನಿವಾರ ನೋಡಿ. ಇಳಿದಿದ್ದರೆ ಆ ದಿನವೇ ಇಳಿಸಿ ಬರೆಯಿರಿ. ಏರಿದ್ದರೆ ತಿಂಗಳ ಕೊನೆಯವರೆಗೆ ಕಾಯಿರಿ. ಒಂದು ಒಳ್ಳೆ ವಾರದ ಲಾಭ ನೋಡಿ ಮುಂದಿನ ವಾರವೇ ಲಾಟ್ ಏರಿಸಿದವರು ಬಹಳ ಮಂದಿ. ಆ ದೊಡ್ಡ ಲಾಟ್‌ಗೇ ಹೊಡೆತ ಬೀಳುತ್ತದೆ.

ನಮ್ಮ ಉದಾಹರಣೆಗೆ ಬಂಡವಾಳ 2,00,000 ರೂಪಾಯಿ.

## ಹಂತ 2: ಒಂದು ಟ್ರೇಡ್‌ನಲ್ಲಿ ಎಷ್ಟು ಹೋದರೆ ಸರಿ?

ನಾನು ಹೇಳುವ ಮಿತಿ ಬಂಡವಾಳದ ಶೇಕಡಾ 2.5. ಅಂದರೆ 2 ಲಕ್ಷಕ್ಕೆ 5,000 ರೂಪಾಯಿ. ದೊಡ್ಡ ಅಕೌಂಟ್‌ನವರು ಶೇಕಡಾ 1 ಇಟ್ಟುಕೊಳ್ಳಬಹುದು. ಸಣ್ಣ ಅಕೌಂಟ್‌ನಲ್ಲಿ ಅಷ್ಟು ಕಡಿಮೆ ಇಟ್ಟರೆ ಒಂದು ಲಾಟ್ ಕೂಡ ಹಿಡಿಸುವುದಿಲ್ಲ. ಶೇಕಡಾ 2.5 ಎನ್ನುವುದು ಹಾಗೆ ಮಾಡಿಕೊಂಡ ರಾಜಿ. ಇದನ್ನು ಇನ್ನೂ ಮೇಲಕ್ಕೆ ಎಳೆಯಬೇಡಿ.

ಯಾಕೆ ಎಂದು ಲೆಕ್ಕದಲ್ಲೇ ನೋಡೋಣ. ಸಾಲಾಗಿ ಐದು ಟ್ರೇಡ್ ಪೂರ್ತಿ ನಷ್ಟವಾದವು ಎಂದುಕೊಳ್ಳಿ. ಪ್ರತಿ ಸಲ ಶೇಕಡಾ 2.5 ಹೋದರೆ 2,00,000 ಹೋಗಿ ಸುಮಾರು 1,76,000 ಉಳಿಯುತ್ತದೆ. ಬೇಜಾರಾಗುತ್ತದೆ, ಆದರೆ ಆಟ ಮುಂದುವರಿಯುತ್ತದೆ. ಅದೇ ಪ್ರತಿ ಸಲ ಶೇಕಡಾ 12.7 ಹೋದರೆ ಉಳಿಯುವುದು 1,01,000ದ ಹತ್ತಿರ. ಮತ್ತೆ 2 ಲಕ್ಷ ಮುಟ್ಟಲು ಉಳಿದದ್ದನ್ನು ಹತ್ತಿರ ಹತ್ತಿರ ದುಪ್ಪಟ್ಟು ಮಾಡಬೇಕು. ಈ 12.7 ಎಲ್ಲಿಂದ ಬಂತು ಎಂದು ಹಂತ 5ರಲ್ಲಿ ಹೇಳುತ್ತೇನೆ. ಸುಮ್ನೆ ಕಟ್ಟಿದ ಸಂಖ್ಯೆ ಅಲ್ಲ ಅದು.

## ಹಂತ 3: ಒಂದು ಲಾಟ್‌ನ ಪೂರ್ತಿ ನಷ್ಟ ಲೆಕ್ಕ ಹಾಕಿ

ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ ಒಂದು ವಾರ ಇದೆ ಎಂದುಕೊಳ್ಳಿ. 24,700 ಪುಟ್ಟನ್ನು 80 ರೂಪಾಯಿಗೆ ಮಾರುತ್ತೀರಿ. ರಕ್ಷಣೆಗೆ 24,600 ಪುಟ್ಟನ್ನು 56ಕ್ಕೆ ಕೊಳ್ಳುತ್ತೀರಿ. ಕೈಗೆ ಬಂದದ್ದು 24. ಎರಡು ಸ್ಟ್ರೈಕ್‌ಗಳ ನಡುವಿನ ಅಂತರ 100.

ನಿಫ್ಟಿ 24,600ರ ಕೆಳಗೆ ಎಲ್ಲೇ ಮುಗಿದರೂ ನಿಮ್ಮ ನಷ್ಟ 100ರಲ್ಲಿ 24 ಕಳೆದು 76 ಪಾಯಿಂಟ್. ಅದನ್ನು 65ರಿಂದ ಗುಣಿಸಿದರೆ 4,940 ರೂಪಾಯಿ. ಇದಕ್ಕೆ ಖರ್ಚು ಸೇರಿಸಿ. ಆರ್ಡರ್‌ಗೆ 20 ರೂಪಾಯಿ ತೆಗೆದುಕೊಳ್ಳುವ ಬ್ರೋಕರ್ ಆದರೆ ಒಳಗೆ ಬರಲು ಎರಡು, ಹೊರಗೆ ಹೋಗಲು ಎರಡು, ಒಟ್ಟು ನಾಲ್ಕು ಆರ್ಡರ್. ಜಿಎಸ್‌ಟಿ, ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಸ್ವಲ್ಪ ಸ್ಲಿಪೇಜ್ ಎಲ್ಲ ಸೇರಿ ನಾನು 150 ಹಿಡಿಯುತ್ತೇನೆ. ಒಟ್ಟು 5,090.

ಇಲ್ಲಿ ಒಂದು ವಾದ ಬರುತ್ತದೆ. "ನಾನು ಸ್ಟಾಪ್ ಲಾಸ್ ಹಾಕುತ್ತೇನೆ, 24 ಪಾಯಿಂಟ್‌ಗೇ ಹೊರಗೆ ಬರುತ್ತೇನೆ. ಹಾಗಾಗಿ ನನ್ನ ನಷ್ಟ ಲಾಟ್‌ಗೆ 1,560 ಮಾತ್ರ. ಮೂರು ಲಾಟ್ ಮಾರಬಹುದಲ್ವಾ?"

ಆಗುವುದಿಲ್ಲ. 2025ರ ಏಪ್ರಿಲ್ 4, ಶುಕ್ರವಾರ ನಿಫ್ಟಿ 22,904ರಲ್ಲಿ ಮುಗಿಯಿತು. ಏಪ್ರಿಲ್ 7, ಸೋಮವಾರ ಬೆಳಿಗ್ಗೆ 21,758ರಲ್ಲಿ ತೆರೆಯಿತು. ಸಾವಿರದ ನೂರು ಪಾಯಿಂಟ್‌ಗೂ ಮೀರಿದ ಗ್ಯಾಪ್. ಶುಕ್ರವಾರ 22,500 ಪುಟ್ ಮಾರಿ 22,400 ಕೊಂಡವರಿಗೆ ಸೋಮವಾರದ ಮೊದಲ ಟಿಕ್‌ನಲ್ಲೇ ಎರಡೂ ಸ್ಟ್ರೈಕ್ ಮಾರ್ಕೆಟ್‌ಗಿಂತ ತುಂಬಾ ಮೇಲೆ ಉಳಿದವು. ಇನ್ನೊಂದು ವಿಷಯ. ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಮಾರ್ಕೆಟ್ ಬೆಲೆಯ ಸ್ಟಾಪ್ ಲಾಸ್ ಆರ್ಡರ್ 2021ರಿಂದ ಇಲ್ಲ. ಈಗ ಇರುವುದು ಲಿಮಿಟ್ ಸ್ಟಾಪ್ ಮಾತ್ರ. 160ಕ್ಕೆ ಟ್ರಿಗರ್, 170ಕ್ಕೆ ಲಿಮಿಟ್ ಎಂದು ಹಾಕಿದ್ದರೆ, ಆ ಪುಟ್ 170ಕ್ಕಿಂತ ಎಷ್ಟೋ ಮೇಲೆ ತೆರೆದಾಗ ಆರ್ಡರ್ ಟ್ರಿಗರ್ ಆಗುತ್ತದೆ, ಆದರೆ ಕೊಳ್ಳುವುದಿಲ್ಲ. ಸುಮ್ಮನೆ ಬಾಕಿ ನಿಂತಿರುತ್ತದೆ.

ಸ್ಟಾಪ್ ಲಾಸ್ ಹಾಕಬೇಡಿ ಎನ್ನುತ್ತಿಲ್ಲ. ಅದು ಸಾಮಾನ್ಯ ದಿನಗಳಲ್ಲಿ ನಷ್ಟ ಕಡಿಮೆ ಮಾಡುವ ಸಾಧನ. ಲಾಟ್ ಎಣಿಸಲು ಮಾತ್ರ ಅದನ್ನು ಬಳಸಬೇಡಿ. ಲಾಟ್ ಎಣಿಸುವುದು ಯಾವಾಗಲೂ ಪೂರ್ತಿ ನಷ್ಟದ ಮೇಲೆ.

## ಹಂತ 4: ಭಾಗಿಸಿ, ಬಂದದ್ದನ್ನು ಕೆಳಕ್ಕೇ ಇಳಿಸಿ

ಶೀಟ್‌ನಲ್ಲಿ B1ರಲ್ಲಿ ಬಂಡವಾಳ, B2ರಲ್ಲಿ 2.5%, B3ರಲ್ಲಿ ಸ್ಟ್ರೈಕ್ ಅಂತರ, B4ರಲ್ಲಿ ಸಿಕ್ಕ ಪ್ರೀಮಿಯಂ, B5ರಲ್ಲಿ ಲಾಟ್, B6ರಲ್ಲಿ ಖರ್ಚು ಬರೆಯಿರಿ. ಬೇರೊಂದು ಕೋಶದಲ್ಲಿ ಇದನ್ನು ಹಾಕಿ:

```
=INT(B1*B2/((B3-B4)*B5+B6))
```

ನಮ್ಮ ಸಂಖ್ಯೆಗಳಿಗೆ 5,000ವನ್ನು 5,090ರಿಂದ ಭಾಗಿಸಿದರೆ 0.98. ಶೀಟ್ ತೋರಿಸುವ ಉತ್ತರ ಸೊನ್ನೆ.

ಜನ ಜಾಸ್ತಿ ಜಾರುವುದು ಇಲ್ಲೇ. ತೊಂಬತ್ತು ರೂಪಾಯಿ ತಾನೇ ಕಡಿಮೆ, ಒಂದು ಲಾಟ್ ಹಾಕಿಬಿಡೋಣ ಅನ್ನಿಸುತ್ತದೆ. ನಿಜ, ಈ ತೊಂಬತ್ತು ರೂಪಾಯಿ ಅಕೌಂಟನ್ನು ಮುಳುಗಿಸುವುದಿಲ್ಲ. ಆದರೆ 0.98 ಒಂದಾದರೆ ಮುಂದಿನ ವಾರ 0.8 ಕೂಡ ಒಂದಾಗುತ್ತದೆ. ಅದರ ಮುಂದಿನ ವಾರ 1.6 ಎರಡಾಗುತ್ತದೆ. ನಾನೇ ಹೀಗೆ ಮಾಡಿದವನು. 1.6ನ್ನು ಎರಡು ಮಾಡಿದ ವಾರದಲ್ಲಿ ಎರಡೂ ಲಾಟ್ ಪೂರ್ತಿ ಹೋದವು. ಆಮೇಲಿಂದ ಶೀಟ್‌ನಲ್ಲಿ `ROUND` ಇದ್ದದ್ದನ್ನು ತೆಗೆದು `INT` ಹಾಕಿದೆ.

ಸೊನ್ನೆ ಬಂದಾಗ ಮೂರು ದಾರಿ ಇವೆ. ಮೂರಕ್ಕೂ ಒಂದೊಂದು ಬೆಲೆ ಇದೆ.

ಮೊದಲನೆಯದು, ಅಂತರ ಕಡಿಮೆ ಮಾಡುವುದು. 24,700 ಮಾರಿ 24,650ನ್ನು 67.5ಕ್ಕೆ ಕೊಂಡರೆ ಅಂತರ 50, ಸಿಗುವುದು 12.5. ನಷ್ಟ 37.5 ಗುಣಿಸು 65, ಅಂದರೆ 2,437. ಖರ್ಚು ಸೇರಿ 2,587. ಮಿತಿಯೊಳಗೆ ಒಂದು ಲಾಟ್ ಆರಾಮಾಗಿ ಕೂರುತ್ತದೆ. ಆದರೆ ಸಿಗಬಹುದಾದ ಪೂರ್ತಿ ಲಾಭ 812 ರೂಪಾಯಿ. ಅದರಲ್ಲಿ 150 ಖರ್ಚಿಗೇ ಹೋಗುತ್ತದೆ. ಅಂದರೆ ಶೇಕಡಾ 18. ಗೆದ್ದಾಗ 662, ಸೋತಾಗ 2,587. ಸ್ಪ್ರೆಡ್ ಪೂರ್ತಿ ಗೆಲ್ಲುತ್ತದೆ ಅಥವಾ ಪೂರ್ತಿ ಸೋಲುತ್ತದೆ ಎಂದು ಹಿಡಿದರೆ, ಸಮಕ್ಕೆ ಸಮ ಬರಲಿಕ್ಕೇ ಹತ್ತರಲ್ಲಿ ಎಂಟು ಸಲ ಗೆಲ್ಲಬೇಕು. ನಷ್ಟದ ಮಿತಿ ಸರಿ ಇದೆ ಎಂದ ಮಾತ್ರಕ್ಕೆ ಟ್ರೇಡ್ ಒಳ್ಳೆಯದು ಎಂದಲ್ಲ. ಖರ್ಚು ಪ್ರೀಮಿಯಂನ ಶೇಕಡಾ 15 ದಾಟಿದರೆ ನಾನು ಬಿಟ್ಟುಬಿಡುತ್ತೇನೆ. ಹಾಗಾಗಿ ಈ ಟ್ರೇಡ್ ಕೂಡ ನನಗೆ ಬೇಡ.

ಎರಡನೆಯದು, ಮೇಲಿನ ಕಡೆಗೂ ಒಂದು ಸ್ಪ್ರೆಡ್ ಮಾರಿ ಐರನ್ ಕಾಂಡೋರ್ ಮಾಡುವುದು. 25,300 ಕಾಲ್ ಮಾರಿ 25,400 ಕೊಂಡಾಗ 18 ಸಿಕ್ಕಿತು ಎಂದುಕೊಳ್ಳಿ. ಒಟ್ಟು 42. ಎಕ್ಸ್‌ಪೈರಿಯಲ್ಲಿ ನಿಫ್ಟಿ ಎರಡೂ ಕಡೆ ಇರಲು ಸಾಧ್ಯವಿಲ್ಲ. ಹಾಗಾಗಿ ನಷ್ಟ ಒಂದೇ ಬದಿಯದು, 58 ಪಾಯಿಂಟ್. 3,770 ರೂಪಾಯಿ. ಖರ್ಚು 250 ಸೇರಿಸಿದರೆ 4,020. ಶೀಟ್ ಒಂದು ಲಾಟ್ ಎನ್ನುತ್ತದೆ.

ಇದರಲ್ಲಿ ಒಂದು ಕಣ್ಣಿಗೆ ಕಾಣದ ಷರತ್ತು ಇದೆ. 58 ಪಾಯಿಂಟ್ ಮಿತಿ ನಿಲ್ಲುವುದು ನಾಲ್ಕೂ ಲೆಗ್‌ಗಳನ್ನು ಒಟ್ಟಿಗೇ ಇಟ್ಟುಕೊಂಡರೆ ಅಥವಾ ಒಟ್ಟಿಗೇ ಮುಚ್ಚಿದರೆ ಮಾತ್ರ. ಮಂಗಳವಾರದ ಎಕ್ಸ್‌ಪೈರಿಗೆ ಎರಡು ಟ್ರೇಡಿಂಗ್ ದಿನ ಮೊದಲು ಮಾರ್ಕೆಟ್ ಬಿದ್ದು, ಪುಟ್ ಬದಿಯನ್ನು ನಷ್ಟದಲ್ಲಿ ಮುಚ್ಚಿದಿರಿ. ಕಾಲ್ ಬದಿ ಹಾಗೇ ಉಳಿಯಿತು. ಆಮೇಲೆ ಮಾರ್ಕೆಟ್ ತಿರುಗಿ ಮೇಲೆ ಹೋಯಿತು. ಎರಡೂ ಕಡೆ ನಷ್ಟ! ಶೀಟ್ ಹೇಳಿದ 4,020 ಆಗ ಬರೀ ಕಾಗದದ ಮೇಲಿನ ಸಂಖ್ಯೆ.

ಮೂರನೆಯದು, ಈ ವಾರ ಟ್ರೇಡ್ ಮಾಡದೆ ಇರುವುದು. ಇದಕ್ಕೆ ಬೆಲೆ ಬರೀ ಬೇಸರ.

ಇವು ಬಿಟ್ಟು ನಾಲ್ಕನೆಯ ದಾರಿಯೊಂದನ್ನು ಕೆಲವರು ಹಿಡಿಯುತ್ತಾರೆ. ಮಾರುವ ಸ್ಟ್ರೈಕನ್ನು ಮಾರ್ಕೆಟ್ ಹತ್ತಿರ ತಂದು ಪ್ರೀಮಿಯಂ ಜಾಸ್ತಿ ಮಾಡಿಕೊಳ್ಳುತ್ತಾರೆ. 24 ಬದಲು 35 ಸಿಕ್ಕರೆ ನಷ್ಟ 65 ಪಾಯಿಂಟ್‌ಗೆ ಇಳಿದು ಲೆಕ್ಕ ಕೂಡುತ್ತದೆ. ಆದರೆ ಸೋಲುವ ಸಾಧ್ಯತೆಯೂ ಅಷ್ಟೇ ಏರಿರುತ್ತದೆ. ಶೀಟ್‌ಗೆ ಅದು ಗೊತ್ತಾಗುವುದಿಲ್ಲ, ನಿಮಗೆ ಗೊತ್ತಿರಬೇಕು. ಸ್ಟ್ರೈಕನ್ನು ಮೊದಲು ಆರಿಸಿ, ಲಾಟನ್ನು ಆಮೇಲೆ ಎಣಿಸಿ. ಲಾಟ್ ಕೂಡಲಿ ಎಂದು ಸ್ಟ್ರೈಕ್ ಬದಲಿಸುತ್ತಿದ್ದೀರಿ ಎಂದು ಕಂಡರೆ ಅಲ್ಲಿಗೇ ಶೀಟ್ ಮುಚ್ಚಿ.

## ಹಂತ 5: ಮಾರ್ಜಿನ್ ನೋಡಿ, ಆದರೆ ಅದನ್ನು ಅಳತೆ ಮಾಡಿಕೊಳ್ಳಬೇಡಿ

ನಷ್ಟ 5,000ಕ್ಕಿಂತ ಹೆಚ್ಚಾಗದ ಸ್ಪ್ರೆಡ್‌ಗೆ 5,000 ಇದ್ದರೆ ಸಾಕು ಎಂದು ಹೊಸಬರು ತಿಳಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಇಂಡೆಕ್ಸ್ ಆಪ್ಷನ್ ಮಾರಿದಾಗ ಸ್ಪಾನ್ ಮಾರ್ಜಿನ್ ಜೊತೆಗೆ ಕಾಂಟ್ರಾಕ್ಟ್ ಮೌಲ್ಯದ ಶೇಕಡಾ 2ರಷ್ಟು ಎಕ್ಸ್‌ಪೋಶರ್ ಮಾರ್ಜಿನ್ ಇಡಬೇಕು. 25,000 ಗುಣಿಸು 65 ಅಂದರೆ 16,25,000. ಅದರ ಶೇಕಡಾ 2 ಎಂದರೆ 32,500. ಕೊಂಡ ಲೆಗ್ ಸ್ಪಾನ್ ಭಾಗವನ್ನು ತೀರಾ ಇಳಿಸುತ್ತದೆ, ಈ ಭಾಗವನ್ನು ಇಳಿಸುವುದಿಲ್ಲ. ಹಾಗಾಗಿ ಒಂದು ಲಾಟ್‌ಗೆ ಸುಮಾರು 40,000 ಇರಲಿ ಎಂದು ಹಿಡಿಯಿರಿ. ನಿಖರ ಸಂಖ್ಯೆಯನ್ನು ಬಾಸ್ಕೆಟ್ ಹೇಳುತ್ತದೆ.

ಈಗ 12.7ರ ಲೆಕ್ಕ. 2 ಲಕ್ಷಕ್ಕೆ 40,000ದಂತೆ ಐದು ಲಾಟ್ ಕೂರುತ್ತದೆ. ಆ್ಯಪ್ ತಕರಾರಿಲ್ಲದೆ ಆರ್ಡರ್ ತೆಗೆದುಕೊಳ್ಳುತ್ತದೆ. ಐದು ಲಾಟ್‌ನ ಪೂರ್ತಿ ನಷ್ಟ 25,450. ಬಂಡವಾಳದ ಶೇಕಡಾ 12.7. ಮೂರು ತಿಂಗಳಲ್ಲಿ ಅಕೌಂಟ್ ಅರ್ಧವಾಗುವುದು ಹೀಗೆ.

ಎಕ್ಸ್‌ಪೈರಿ ದಿನದ ಕಥೆ ಬೇರೆ. ಆ ದಿನ ಮುಗಿಯುವ ಇಂಡೆಕ್ಸ್ ಆಪ್ಷನ್‌ಗಳನ್ನು ಮಾರಿಟ್ಟಿದ್ದರೆ ಇನ್ನೂ ಶೇಕಡಾ 2 ಹೆಚ್ಚುವರಿ ಮಾರ್ಜಿನ್ ಬೇಕು. 2024ರ ನವೆಂಬರ್ 20ರಿಂದ ಸೆಬಿ ತಂದ ನಿಯಮ ಇದು. ನಮ್ಮ ಲಾಟ್‌ಗೆ ಮತ್ತೆ 32,500. ಅಂದರೆ ಸೋಮವಾರ 40,000 ಸಾಕಾಗಿದ್ದ ಸ್ಪ್ರೆಡ್‌ಗೆ ಮಂಗಳವಾರ 72,500 ಬೇಕು. ಐದು ಲಾಟ್ ಮಾರಿದವರಿಗೆ ಬೇಕಾಗುವುದು 3,62,500. ಇಲ್ಲದಿದ್ದರೆ ಪೆನಾಲ್ಟಿ ಬೀಳುತ್ತದೆ, ಅಥವಾ ಬ್ರೋಕರ್ ತನಗೆ ತೋಚಿದ ಹೊತ್ತಿನಲ್ಲಿ ಪೊಸಿಷನ್ ಮುಚ್ಚುತ್ತಾನೆ. ಆ ಹೊತ್ತಿನ ಬೆಲೆ ನಿಮಗೆ ಒಪ್ಪುವಂಥದ್ದಾಗಿರುವುದಿಲ್ಲ.

ನಾನು ಇಟ್ಟುಕೊಂಡಿರುವ ನಿಯಮ ಇಷ್ಟು: ಎಕ್ಸ್‌ಪೈರಿ ದಿನದ ಮಾರ್ಜಿನ್ ಸೇರಿಸಿದರೂ ಬಂಡವಾಳದ ಅರ್ಧಕ್ಕಿಂತ ಹೆಚ್ಚು ಬಳಕೆಯಾಗಬಾರದು. ಇಲ್ಲವೇ ಹಿಂದಿನ ದಿನ ಮಧ್ಯಾಹ್ನವೇ ಮುಚ್ಚಬೇಕು.

## ಹಂತ 6: ತೆರೆದಿರುವ ಎಲ್ಲವನ್ನೂ ಕೂಡಿಸಿ

ಹೊಸ ಟ್ರೇಡ್ ಹಾಕುವ ಮೊದಲು ಈಗಾಗಲೇ ತೆರೆದಿರುವವುಗಳ ಪೂರ್ತಿ ನಷ್ಟವನ್ನು ಕೂಡಿಸಿ. ಒಂದೇ ದಿಕ್ಕಿನವು ಸೇರಿ ಬಂಡವಾಳದ ಶೇಕಡಾ 5 ದಾಟಬಾರದು. ಅಂದರೆ 10,000.

ನಿಫ್ಟಿ ಪುಟ್ ಸ್ಪ್ರೆಡ್ ಒಂದು, ಸೆನ್ಸೆಕ್ಸ್ ಪುಟ್ ಸ್ಪ್ರೆಡ್ ಒಂದು ಇದ್ದರೆ ಅವು ಎರಡು ಬೇರೆ ಟ್ರೇಡ್ ಅಲ್ಲ. ಎರಡೂ ಒಂದೇ ಪಂದ್ಯದ ಮೇಲೆ ಕಟ್ಟಿದ ಹಣ. ಒಂದು ಬಿದ್ದ ದಿನ ಇನ್ನೊಂದೂ ಬೀಳುತ್ತದೆ. ಎರಡು ಬೇರೆ ಎಕ್ಸ್‌ಪೈರಿಗಳೂ ಹಾಗೆಯೇ, ಒಂದೇ ಗ್ಯಾಪ್ ಎರಡಕ್ಕೂ ಹೊಡೆಯುತ್ತದೆ.

## ಹಂತ 7: ಹೊರಗೆ ಬರುವ ಬೆಲೆಯನ್ನು ಒಳಗೆ ಹೋಗುವ ಮೊದಲೇ ಬರೆಯಿರಿ

24ಕ್ಕೆ ಮಾರಿದ ಸ್ಪ್ರೆಡ್ 12ಕ್ಕೆ ಇಳಿದರೆ ಲಾಭ ತೆಗೆದುಕೊಂಡು ಮುಚ್ಚಿ. 48ಕ್ಕೆ ಏರಿದರೆ ನಷ್ಟ ಒಪ್ಪಿ ಮುಚ್ಚಿ. ಈ ಎರಡು ಸಂಖ್ಯೆಗಳನ್ನು ಶೀಟ್‌ನಲ್ಲಿ ಅದೇ ಸಾಲಿನಲ್ಲಿ ಬರೆದಿಡಿ. ಯಾವ ಬೆಲೆ ನೋಡಬೇಕು ಎಂಬುದರಲ್ಲೂ ತಪ್ಪಾಗುತ್ತದೆ. ನೋಡಬೇಕಾದದ್ದು ಎರಡು ಲೆಗ್‌ಗಳ ವ್ಯತ್ಯಾಸ. ಮಾರಿದ ಲೆಗ್ ಒಂದರ ಬೆಲೆ ದುಪ್ಪಟ್ಟಾಯಿತು ಎಂದು ಗಾಬರಿಯಾಗಬೇಡಿ, ಕೊಂಡ ಲೆಗ್ ಕೂಡ ಏರಿರುತ್ತದೆ.

ಲೆಗ್‌ಗಳ ಕ್ರಮ ತಪ್ಪಬಾರದು. ಒಳಗೆ ಹೋಗುವಾಗ ಮೊದಲು ಕೊಳ್ಳಿ, ಆಮೇಲೆ ಮಾರಿ. ಹೊರಗೆ ಬರುವಾಗ ಮೊದಲು ಮಾರಿದ್ದನ್ನು ವಾಪಸ್ ಕೊಳ್ಳಿ, ಆಮೇಲೆ ಕೊಂಡಿದ್ದನ್ನು ಮಾರಿ. ಉಲ್ಟಾ ಮಾಡಿದರೆ ನಡುವಿನ ಆ ಕ್ಷಣದಲ್ಲಿ ನಿಮ್ಮದು ರಕ್ಷಣೆ ಇಲ್ಲದ ಬರೀ ಮಾರಾಟ. ಅದಕ್ಕೆ ಬೇಕಾದ ಮಾರ್ಜಿನ್ ಲಕ್ಷ ದಾಟುತ್ತದೆ. ಎರಡನೇ ಆರ್ಡರ್ ಸಿಕ್ಕಿಹಾಕಿಕೊಂಡರೆ ನಷ್ಟಕ್ಕೆ ಮಿತಿಯೇ ಇಲ್ಲ.

ಇದೇ ತಪ್ಪನ್ನು ಬೇಕೆಂದೇ ಮಾಡುವವರೂ ಇದ್ದಾರೆ. ಮಾರ್ಕೆಟ್ ಬಿದ್ದಾಗ ಕೊಂಡ ಪುಟ್ ಒಳ್ಳೆ ಲಾಭದಲ್ಲಿ ಕಾಣುತ್ತದೆ. ಅದನ್ನು ಮಾರಿ, ಇನ್ನು ಮಾರ್ಕೆಟ್ ಮೇಲೆ ಬಂದರೆ ಇನ್ನೊಂದು ಲೆಗ್ ಕೂಡ ಸರಿಹೋಗುತ್ತದೆ ಎಂದು ಕಾಯುತ್ತಾರೆ. ನಾಲ್ಕು ಸಲ ಸರಿಹೋಗುತ್ತದೆ. ಐದನೇ ಸಲ ಇಷ್ಟು ಹಂತಗಳಲ್ಲಿ ಹಾಕಿದ ಲೆಕ್ಕವೆಲ್ಲ ಒಂದೇ ಮಧ್ಯಾಹ್ನದಲ್ಲಿ ನೀರಿಗೆ ಹೋಗುತ್ತದೆ.

ರೋಲ್ ಮಾಡುವುದೂ ಅಷ್ಟೇ. ನಷ್ಟದ ಸ್ಪ್ರೆಡ್ ಮುಚ್ಚಿ ಮುಂದಿನ ವಾರದ್ದು ಮಾರಿದರೆ ಅದು ಹೊಸ ಟ್ರೇಡ್. ಹಳೆಯ ನಷ್ಟವನ್ನು ಹಂತ 8ರ ಖಾತೆಗೆ ಬರೆದು, ಹೊಸದನ್ನು ಹಂತ 1ರಿಂದ ಶುರು ಮಾಡಿ. ಹೋದದ್ದನ್ನು ತುಂಬಿಕೊಳ್ಳಲು ಒಂದು ಲಾಟ್ ಇದ್ದದ್ದನ್ನು ಎರಡು ಮಾಡಬೇಡಿ.

## ಹಂತ 8: ತಿಂಗಳ ಬಾಗಿಲು

ಒಂದು ತಿಂಗಳಲ್ಲಿ ಬಂಡವಾಳದ ಶೇಕಡಾ 6 ಹೋದರೆ ಆ ತಿಂಗಳು ಮುಗಿಯಿತು. 2 ಲಕ್ಷಕ್ಕೆ 12,000.

ಈ ನಿಯಮವನ್ನು ಹೆಚ್ಚಿನವರು ಅರ್ಧ ಮಾತ್ರ ಪಾಲಿಸುತ್ತಾರೆ. 12,000 ಹೋದ ಮೇಲೆ ನಿಲ್ಲಿಸುತ್ತಾರೆ. ನೋಡಬೇಕಾದದ್ದು ಅದಕ್ಕಿಂತ ಮೊದಲು. ತಿಂಗಳ 18ನೇ ತಾರೀಕು, ಈವರೆಗೆ 9,000 ಹೋಗಿದೆ ಎಂದುಕೊಳ್ಳಿ. ಹೊಸ ಟ್ರೇಡ್‌ನ ಪೂರ್ತಿ ನಷ್ಟ 4,020. ಕೂಡಿದರೆ 13,020. ಮಿತಿ ದಾಟುತ್ತದೆ, ಹಾಗಾಗಿ ಆ ಟ್ರೇಡ್ ಇಲ್ಲ. ಇನ್ನೂ 3,000 ಬಾಕಿ ಇದೆ ಎಂಬುದು ನಿಜ, ಆದರೆ ಆ 3,000ದಲ್ಲಿ ಹಿಡಿಸುವ ಟ್ರೇಡ್ ಮಾತ್ರ ಮಾಡಬಹುದು. ಹಿಡಿಸದಿದ್ದರೆ ಒಂದನೇ ತಾರೀಕಿನವರೆಗೆ ರಜೆ.

ನಷ್ಟದ ನಂತರ ಹಂತ 1ರ ಸಂಖ್ಯೆ ಇಳಿದಿರುತ್ತದೆ ಎಂಬುದನ್ನು ಮರೆಯಬೇಡಿ. 2,00,000 ಇದ್ದದ್ದು 1,88,000 ಆದರೆ ಹೊಸ ಮಿತಿ 5,000 ಅಲ್ಲ, 4,700. ಮೇಲಿನ ಕಾಂಡೋರ್ ಆಗಲೂ ಒಂದು ಲಾಟ್ ಕೂರುತ್ತದೆ. ಬಂಡವಾಳ 1,60,000ಕ್ಕೆ ಇಳಿದರೆ ಮಿತಿ 4,000 ಆಗುತ್ತದೆ, ಆಗ ಅದೂ ಕೂರುವುದಿಲ್ಲ. 100 ಪಾಯಿಂಟ್ ಅಂತರದ ಯಾವ ನಿಫ್ಟಿ ಸ್ಪ್ರೆಡ್‌ಗೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. 50 ಪಾಯಿಂಟ್‌ದನ್ನು ಖರ್ಚು ತಿನ್ನುತ್ತದೆ ಎಂದು ಆಗಲೇ ನೋಡಿದ್ದೇವೆ. ಸಂಬಳದಿಂದ ಹಣ ಸೇರಿಸುವವರೆಗೆ ಆ ಅಕೌಂಟ್‌ನಲ್ಲಿ ಮಾರುವ ಕೆಲಸ ಇಲ್ಲ. 80,000 ಇಟ್ಟುಕೊಂಡು ಈ ಲೆಕ್ಕವನ್ನು ಹೇಗೆ ಹೊಂದಿಸುವುದು ಎಂದು ಕೇಳುವವರಿಗೂ ನನ್ನ ಹತ್ತಿರ ಇರುವುದು ಇದೇ ಉತ್ತರ. 80,000ಕ್ಕೆ ಮಿತಿ 2,000, ಶೀಟ್ ಸೊನ್ನೆ ತೋರಿಸುತ್ತದೆ.